ಮೈನಸ್ 16ರ ಗೆರೆ: ತುಮಕೂರಿನಲ್ಲಿ ಒಂದು ಟ್ರೇಡಿಂಗ್ ತಂತ್ರವನ್ನು ನಿಲ್ಲಿಸಿದ ಪ್ರಕರಣ

ಇದು 2024ರ ಜನವರಿ ಮಧ್ಯದಿಂದ 2025ರ ಮೇ ಮೊದಲ ವಾರದವರೆಗೆ, 187 ವಹಿವಾಟುಗಳ ಕಾಲ ನಿಜವಾದ ಹಣದಲ್ಲಿ ನಡೆದು ನಂತರ ನಿಂತ ಒಂದು ತಂತ್ರದ ವಿವರ. ನಡೆಸಿದವರು ಇಬ್ಬರು. ನಾನು ತುಮಕೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ನನ್ನ ಭಾವ ಕೊಬ್ಬರಿ ವ್ಯಾಪಾರಿ, ತಿಪಟೂರಿನ ಹರಾಜಿಗೆ ಇಪ್ಪತ್ತು ವರ್ಷಗಳಿಂದ ಹೋಗಿಬರುತ್ತಿರುವವರು. ಹಣದ ಬಹುಪಾಲು ಅವರದು, ಲೆಕ್ಕ ನನ್ನದು. ತಂತ್ರ ಯಾಕೆ ಸೋತಿತು ಎನ್ನುವುದಕ್ಕಿಂತ, ಅದು ಸೋಲುತ್ತಿದೆಯೆಂದು ನಾವು ಹೇಗೆ ತಿಳಿದುಕೊಂಡೆವು ಮತ್ತು ಎಷ್ಟು ತಡವಾಗಿ ತಿಳಿದುಕೊಂಡೆವು ಎಂಬುದನ್ನು ದಾಖಲಿಸುವುದು ಇಲ್ಲಿನ ಉದ್ದೇಶ.

ತಂತ್ರ ಸರಳವಾದದ್ದು. ನಿಫ್ಟಿ ಷೇರು ಸೂಚ್ಯಂಕದ ಮುಂಗಡ ಒಪ್ಪಂದವಾದ ನಿಫ್ಟಿ ಫ್ಯೂಚರ್ಸ್‌ನಲ್ಲಿ ಬೆಳಗ್ಗೆ 9:15ರಿಂದ 9:45ರವರೆಗಿನ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಗುರುತಿಸಿಕೊಂಡು, ಬೆಲೆ ಮೇಲಿನ ಗಡಿಯನ್ನು ದಾಟಿದರೆ ಕೊಳ್ಳುವುದು, ಕೆಳಗಿನ ಗಡಿಯನ್ನು ದಾಟಿದರೆ ಮಾರುವುದು, ಎದುರು ಗಡಿಯಲ್ಲಿ ಸ್ಟಾಪ್ ಲಾಸ್, ಅಂದರೆ ನಷ್ಟ ಅಷ್ಟಕ್ಕೇ ನಿಲ್ಲುವಂತೆ ತಾನಾಗಿ ಹೊರತರುವ ಆರ್ಡರ್, ಇಟ್ಟು 3:15ಕ್ಕೆ ಹೊರಬರುವುದು. ಆರಂಭದ ಅರ್ಧ ಗಂಟೆಯ ಏರಿಳಿತ ತೀರಾ ಹೆಚ್ಚಾಗಿದ್ದರೆ ಅಥವಾ ತೀರಾ ಕಡಿಮೆಯಾಗಿದ್ದರೆ ಆ ದಿನ ಸುಮ್ಮನಿರುವುದು. ಹೀಗೆ ಸೋಸಿದಾಗ ತಿಂಗಳಿಗೆ ಸುಮಾರು 12 ವಹಿವಾಟುಗಳು ಉಳಿಯುತ್ತಿದ್ದವು. ಮುಂದೆ ಅರ್ಧಕ್ಕಿಳಿಸುವವರೆಗೆ ಪ್ರಮಾಣ 150. ಆ ಅವಧಿಯಲ್ಲಿ ನಿಫ್ಟಿಯ ಲಾಟ್, ಅಂದರೆ ಒಮ್ಮೆಗೆ ವಹಿವಾಟು ಮಾಡಬೇಕಾದ ಕನಿಷ್ಠ ಪ್ರಮಾಣ, 50ರಿಂದ 25ಕ್ಕೆ ಇಳಿದು ಮತ್ತೆ 75ಕ್ಕೆ ಏರಿತಾದರೂ, ಮೂರಕ್ಕೂ 150 ಹೊಂದಿಕೊಂಡದ್ದು ನಮ್ಮ ಅದೃಷ್ಟ.

ಪ್ರತಿ ವಹಿವಾಟಿನಲ್ಲಿ ಸ್ಟಾಪ್ ಲಾಸ್ ತಾಗಿದರೆ ಹೋಗಬಹುದಾದ ಮೊತ್ತವನ್ನು ನಾವು ‘ಒಂದು ಘಟಕ’ ಎಂದು ಕರೆದುಕೊಂಡೆವು. ಅದು ಸರಾಸರಿ 60 ಪಾಯಿಂಟ್, ಅಂದರೆ 150ರ ಪ್ರಮಾಣಕ್ಕೆ ₹9,000 ಆಸುಪಾಸು. ಲಾಭನಷ್ಟವನ್ನು ರೂಪಾಯಿಯಲ್ಲಿ ಅಲ್ಲದೆ ಈ ಘಟಕದಲ್ಲೇ ಬರೆದಿಡಬೇಕೆಂದು ಮೊದಲೇ ನಿರ್ಧರಿಸಿದ್ದು ಮುಂದೆ ಉಪಯೋಗಕ್ಕೆ ಬಂತು. ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ ಮೇಲೆ ರೂಪಾಯಿಯ ನಷ್ಟವೂ ಅರ್ಧವಾಗಿ ಕಾಣುತ್ತದೆ, ಮತ್ತು ತಂತ್ರ ಸುಧಾರಿಸುತ್ತಿದೆ ಎಂಬ ಭ್ರಮೆಯನ್ನು ಆ ಅಂಕಿಯೇ ಹುಟ್ಟಿಸುತ್ತದೆ.

2015ರಿಂದ 2022ರವರೆಗಿನ ಹಳೆಯ ದತ್ತಾಂಶದ ಮೇಲೆ ತಂತ್ರವನ್ನು ಓಡಿಸಿ ನೋಡಿದ ಬ್ಯಾಕ್‌ಟೆಸ್ಟ್‌ನಲ್ಲಿ ಸುಮಾರು 1,150 ವಹಿವಾಟುಗಳಿದ್ದವು. ಖರ್ಚು ಕಳೆದು ಸರಾಸರಿ ಲಾಭ 0.12 ಘಟಕ, ಮಾನಕ ವಿಚಲನೆ, ಅಂದರೆ ಫಲಿತಾಂಶಗಳು ಸರಾಸರಿಯಿಂದ ಸಾಮಾನ್ಯವಾಗಿ ಚದುರುವ ಅಳತೆ, 1.1 ಘಟಕ. ಗೆಲುವಿನ ಪ್ರಮಾಣ ಶೇ. 41, ಗೆದ್ದಾಗ ಸರಾಸರಿ 1.35 ಘಟಕ ಬರುತ್ತಿತ್ತು, ಸೋತಾಗ ಸರಾಸರಿ 0.73 ಹೋಗುತ್ತಿತ್ತು. ಸರಾಸರಿಗಿಂತ ವಿಚಲನೆ ಒಂಬತ್ತು ಪಟ್ಟು ದೊಡ್ಡದು ಎಂಬ ಒಂದೇ ಸಂಗತಿಯಲ್ಲಿ ಈ ಪ್ರಕರಣದ ಎಲ್ಲ ಕಷ್ಟವೂ ಅಡಗಿದೆ.

ಕಳೆದ 100 ವಹಿವಾಟುಗಳ ಒಟ್ಟು ಮೊತ್ತವನ್ನು ಪ್ರತಿ ವಹಿವಾಟಿನ ನಂತರ ಹೊಸದಾಗಿ ಲೆಕ್ಕ ಹಾಕುತ್ತಾ ಹೋಗುವುದು ನಮ್ಮ ಮುಖ್ಯ ಮಾಪನವಾಗಿತ್ತು. ಇದನ್ನು ಚಲಿಸುವ ಮೊತ್ತ ಎನ್ನೋಣ. ಆರೋಗ್ಯವಾಗಿರುವ ತಂತ್ರದಲ್ಲಿ ಈ ಮೊತ್ತ ಸರಾಸರಿ 12 ಘಟಕ ಇರಬೇಕು, ಅದರ ಮಾನಕ ವಿಚಲನೆ 11. ಅಂದರೆ ಏನೂ ಕೆಡದೇ ಇದ್ದರೂ, ಯಾವುದೇ ಒಂದು ನೂರರ ಕಂತು ನಷ್ಟದಲ್ಲಿ ಮುಗಿಯುವ ಸಾಧ್ಯತೆ ನೂರಕ್ಕೆ ಸುಮಾರು 14. ‘ಎಂಟು ತಿಂಗಳು ಲಾಭವೇ ಇಲ್ಲ, ಇದು ಸತ್ತಿದೆ’ ಎನ್ನುವ ತೀರ್ಮಾನ ಎಷ್ಟು ಅವಸರದ್ದು ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಗೆರೆ ಎಲ್ಲಿರಬೇಕು? ನೂರಕ್ಕೆ ಐದು ಸಲ ಮಾತ್ರ ದಾಟುವಂಥ ಗೆರೆಯನ್ನು ಹುಡುಕಿದರೆ, 12ರಿಂದ 11ರ 1.645 ಪಟ್ಟು ಕಳೆದು ಮೈನಸ್ 6 ಬರುತ್ತದೆ. ನಾನು ಮೊದಲು ಬರೆದದ್ದೂ ಅದನ್ನೇ. ಆದರೆ ಆ ಲೆಕ್ಕ ಒಂದೇ ಒಂದು ಸಲ ನೋಡುವವನಿಗೆ ಸರಿಯಾದದ್ದು. ನಾವಾದರೋ ಪ್ರತಿ ವಹಿವಾಟಿನ ನಂತರವೂ ನೋಡುವವರು. 250 ವಹಿವಾಟುಗಳ ಅವಧಿಯಲ್ಲಿ ಒಂದರ ಮೇಲೊಂದು ಹಾಸಿಕೊಂಡ 151 ನೂರರ ಕಂತುಗಳು ಬರುತ್ತವೆ, ಮತ್ತು ಅವುಗಳಲ್ಲಿ ಒಂದಾದರೂ ಮೈನಸ್ 6ರ ಕೆಳಗೆ ಹೋಗುವ ಸಾಧ್ಯತೆ, ತಂತ್ರ ಪೂರ್ತಿ ಚೆನ್ನಾಗಿದ್ದರೂ, ಸುಮಾರು ಕಾಲುಭಾಗ. ಆದ್ದರಿಂದ ಒಂದು ಕಂತಿನ ಹಂಚಿಕೆಯನ್ನು ಬಿಟ್ಟು, ಇಡೀ ಅವಧಿಯ ಅತ್ಯಂತ ಕೆಟ್ಟ ಕಂತಿನ ಹಂಚಿಕೆಯಿಂದ ಗೆರೆಯನ್ನು ತೆಗೆಯಬೇಕು. ಬ್ಯಾಕ್‌ಟೆಸ್ಟ್‌ನ ವಹಿವಾಟುಗಳನ್ನು ಇಪ್ಪತ್ತರ ಗುಂಪುಗಳಾಗಿ ಮತ್ತೆ ಮತ್ತೆ ಎತ್ತಿ ಜೋಡಿಸಿ, ಹತ್ತು ಸಾವಿರ ಕಾಲ್ಪನಿಕ ಅವಧಿಗಳನ್ನು ಹೀಗೆ ಸೃಷ್ಟಿಸಿದೆವು:

```python
import numpy as np
rng = np.random.default_rng(7)

def worst(R, n=250, w=100, b=20):
    out = []
    while len(out) < n:
        i = rng.integers(0, len(R) - b + 1)
        out.extend(R[i:i+b])
    c = np.concatenate(([0], np.cumsum(out[:n])))
    return (c[w:] - c[:-w]).min()

line = np.percentile([worst(R) for _ in range(10000)], 5)
```

ಇಲ್ಲಿ `R` ಎಂದರೆ ಬ್ಯಾಕ್‌ಟೆಸ್ಟ್‌ನ ಪ್ರತಿ ವಹಿವಾಟಿನ ಫಲಿತಾಂಶ, ಘಟಕಗಳಲ್ಲಿ. ಒಂದೊಂದಾಗಿ ಎತ್ತದೆ ಇಪ್ಪತ್ತರ ಗುಂಪಾಗಿ ಎತ್ತಿದ್ದಕ್ಕೆ ಕಾರಣವಿದೆ: ಮಾರುಕಟ್ಟೆ ಮಂಕಾದಾಗ ಸೋಲುಗಳು ಸಾಲುಸಾಲಾಗಿ ಬರುತ್ತವೆ, ಅವುಗಳನ್ನು ಚೆಲ್ಲಾಪಿಲ್ಲಿ ಮಾಡಿದರೆ ಆ ಸಾಲು ಕರಗಿ ಗೆರೆ ಇರಬೇಕಾದ್ದಕ್ಕಿಂತ ಮೇಲೆ ಬಂದು ನಿಲ್ಲುತ್ತದೆ. ಈ ಕಾಲ್ಪನಿಕ ಅವಧಿಗಳಲ್ಲಿ ನೂರಕ್ಕೆ ಐದು ಮಾತ್ರ ದಾಟುವ ಗೆರೆ ಮೈನಸ್ 16 ಬಂತು.

2024ರ ಸಂಕ್ರಾಂತಿಗೆ ಮೊದಲು ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ಇಬ್ಬರೂ ಸಹಿ ಹಾಕಿದೆವು. ಚಲಿಸುವ ಮೊತ್ತ ಮೈನಸ್ 6ಕ್ಕಿಂತ ಕೆಳಗೆ ಹೋದರೆ ಪ್ರಮಾಣವನ್ನು 75ಕ್ಕೆ ಇಳಿಸುವುದು, ಮತ್ತೆ ಪ್ಲಸ್ 3 ದಾಟಿದರೆ ಮಾತ್ರ 150ಕ್ಕೆ ಮರಳುವುದು. ಮೈನಸ್ 16ಕ್ಕಿಂತ ಕೆಳಗೆ ಹೋದರೆ ಅಂದೇ ನಿಲ್ಲಿಸುವುದು. ಮೊದಲ ನೂರು ವಹಿವಾಟು ಮುಗಿಯುವವರೆಗೆ ಚಲಿಸುವ ಮೊತ್ತವೇ ಇರುವುದಿಲ್ಲವಾದ್ದರಿಂದ, ಶಿಖರದಿಂದ 24 ಘಟಕ ಕುಸಿದರೆ ನಿಲ್ಲಿಸಬೇಕೆಂಬ ಡ್ರಾಡೌನ್ ಮಿತಿಯನ್ನೂ ಸೇರಿಸಿದೆವು. ಬ್ಯಾಕ್‌ಟೆಸ್ಟ್‌ನಲ್ಲಿ ಕಂಡ ಅತಿ ದೊಡ್ಡ ಕುಸಿತ 19. ಕೊನೆಯದು ಸ್ಲಿಪೇಜ್ ಕುರಿತದ್ದು, ಅಂದರೆ ನಾವು ಬಯಸಿದ ಬೆಲೆಗೂ ಕೈಗೆ ಸಿಕ್ಕ ಬೆಲೆಗೂ ಇರುವ ಅಂತರ: ಬ್ಯಾಕ್‌ಟೆಸ್ಟ್‌ನಲ್ಲಿ ಹೋಗಿಬರುವುದಕ್ಕೆ ಒಟ್ಟು 2 ಪಾಯಿಂಟ್ ಎಂದು ಹಿಡಿದಿದ್ದೆವು, ಕಳೆದ 40 ವಹಿವಾಟುಗಳ ಸರಾಸರಿ 4 ದಾಟಿದರೆ ಆರ್ಡರ್ ಹಾಕುವ ವಿಧಾನವನ್ನು ಪರಿಶೀಲಿಸಬೇಕೆಂದು ಬರೆದೆವು.

ಸಹಿ ಹಾಕುವ ಮೊದಲು ಭಾವ ಕೇಳಿದ ಪ್ರಶ್ನೆ ಹಾಳೆಯಲ್ಲಿದ್ದ ಎಲ್ಲದಕ್ಕಿಂತ ಮುಖ್ಯವಾಗಿತ್ತು. ‘ಚೆನ್ನಾಗಿರೋದನ್ನ ತಪ್ಪಾಗಿ ನಿಲ್ಸೋದು ನೂರಕ್ಕೆ ಐದು ಅಂದೆ, ಸರಿ. ಕೆಟ್ಟು ಹೋಗಿರೋದನ್ನ ಹಿಡಿಯೋದು ನೂರಕ್ಕೆ ಎಷ್ಟಪ್ಪ?’ ನಾನು ಆ ಲೆಕ್ಕ ಮಾಡಿರಲಿಲ್ಲ. ಆ ರಾತ್ರಿ ಮಾಡಿದೆ. ತಂತ್ರದ ಲಾಭ ಮೊದಲ ದಿನದಿಂದಲೇ ಸೊನ್ನೆಯಾಗಿದ್ದರೂ, 250 ವಹಿವಾಟುಗಳಲ್ಲಿ ಮೈನಸ್ 16ರ ಗೆರೆ ಅದನ್ನು ಹಿಡಿಯುವ ಸಾಧ್ಯತೆ ಮೂರರಲ್ಲಿ ಒಂದರಷ್ಟು ಮಾತ್ರ. ಉಳಿದ ಎರಡು ಪಾಲು ಸಲ, ಸುಮಾರು ಇಪ್ಪತ್ತೊಂದು ತಿಂಗಳು, ನಾವು ಸತ್ತ ತಂತ್ರವನ್ನೇ ಹೊತ್ತು ನಡೆಯುತ್ತಿರುತ್ತೇವೆ. ಗೆರೆಯನ್ನು ಮೇಲೆತ್ತಿದರೆ ಬೇಗ ಹಿಡಿಯಬಹುದು, ಆದರೆ ಒಳ್ಳೆಯದನ್ನೂ ಕೊಲ್ಲುತ್ತೇವೆ. ಮೈನಸ್ 6ರಲ್ಲಿ ಅರ್ಧಕ್ಕಿಳಿಸುವ ನಿಯಮ ಬಂದದ್ದೇ ಈ ಇಕ್ಕಟ್ಟಿನಿಂದ: ತಪ್ಪು ಎಚ್ಚರಿಕೆಯ ಬೆಲೆ ಕಡಿಮೆಯಿರುವಲ್ಲಿ ಗೆರೆ ಸಡಿಲವಾಗಿರಬಹುದು.

ಮೊದಲ ತಿಂಗಳುಗಳು ಚೆನ್ನಾಗಿದ್ದವು. 52ನೇ ವಹಿವಾಟು, ಮೇ ಕೊನೆಯಲ್ಲಿ, ಒಂದೇ ದಿನಕ್ಕೆ 4.8 ಘಟಕ ತಂದಿತು. ಅಲ್ಲಿಗೆ ಒಟ್ಟು 11. ಮುಂದೆ ಒಟ್ಟು 17ರವರೆಗೆ ಏರಿ ಇಳಿಯತೊಡಗಿತು. ಸೆಪ್ಟೆಂಬರ್ ಕೊನೆಯಲ್ಲಿ ನೂರನೆಯ ವಹಿವಾಟು ಮುಗಿದಾಗ ಮೊದಲ ಚಲಿಸುವ ಮೊತ್ತ ಪ್ಲಸ್ 9 ಬಂತು. 12ಕ್ಕೆ ಬದಲು 9 ಎಂದರೆ ಯಾವ ವ್ಯತ್ಯಾಸವೂ ಅಲ್ಲ.

ನಿಜವಾದ ಸುದ್ದಿ ಬಂದದ್ದು ಬೇರೆ ಕಡೆಯಿಂದ. 2024ರ ಅಕ್ಟೋಬರ್ 1ರಿಂದ ಫ್ಯೂಚರ್ಸ್ ಮಾರಾಟದ ಮೇಲಿನ ವಹಿವಾಟು ತೆರಿಗೆಯಾದ ಎಸ್‌ಟಿಟಿ ಶೇ. 0.0125ರಿಂದ ಶೇ. 0.02ಕ್ಕೆ ಏರಿತು. ಜುಲೈ ಬಜೆಟ್ಟಿನಲ್ಲೇ ಘೋಷಿಸಿದ್ದು, ಪತ್ರಿಕೆಗಳಲ್ಲೆಲ್ಲ ಬಂದದ್ದು. ನಿಫ್ಟಿ 25,000ದಲ್ಲಿದ್ದಾಗ ಈ ತೆರಿಗೆ 3.1 ಪಾಯಿಂಟ್ ಇದ್ದದ್ದು 5 ಪಾಯಿಂಟ್ ಆಗುತ್ತದೆ. ಹೆಚ್ಚಳ 1.9 ಪಾಯಿಂಟ್, ನಮ್ಮ 60 ಪಾಯಿಂಟಿನ ಘಟಕಕ್ಕೆ ಭಾಗಿಸಿದರೆ 0.03. ಕೇಳಲು ಸಣ್ಣದು, ಆದರೆ ನಮ್ಮ ಸರಾಸರಿ ಲಾಭವೇ 0.12 ಆಗಿರುವಾಗ ಅದು ನಾಲ್ಕನೇ ಒಂದು ಪಾಲು. ಈ ಲೆಕ್ಕವನ್ನು ನಾನು ಅಂದು ಮಾಡಿದ್ದೆ, ಪುಸ್ತಕದಲ್ಲಿ ಬರೆದೂ ಇಟ್ಟಿದ್ದೆ. ಆದರೆ ನಮ್ಮ ಹಾಳೆಯಲ್ಲಿ ಇದಕ್ಕೆ ಸಂಬಂಧಿಸಿದ ನಿಯಮವೇ ಇರಲಿಲ್ಲವಾದ್ದರಿಂದ ಏನನ್ನೂ ಮಾಡಲಿಲ್ಲ.

ನವೆಂಬರಿನಲ್ಲಿ, 118ನೇ ವಹಿವಾಟಿನ ಹೊತ್ತಿಗೆ, ಸ್ಲಿಪೇಜ್ ಸರಾಸರಿ 4 ದಾಟಿ 4.5ಕ್ಕೆ ಬಂತು. ಇಲ್ಲಿ ನಲವತ್ತು ವಹಿವಾಟುಗಳೇ ಸಾಕಾದದ್ದನ್ನು ಗಮನಿಸಬೇಕು. ಒಂದೊಂದು ವಹಿವಾಟಿನ ಸ್ಲಿಪೇಜ್ ಹೆಚ್ಚೆಂದರೆ ಎರಡು ಮೂರು ಪಾಯಿಂಟ್ ಅತ್ತಿತ್ತ ಆಗುತ್ತದೆ, ಆದ್ದರಿಂದ ನಲವತ್ತರ ಸರಾಸರಿಯಲ್ಲಿ ಅನಿಶ್ಚಿತತೆ ಅರ್ಧ ಪಾಯಿಂಟಿಗಿಂತ ಕಡಿಮೆ, 2ರಿಂದ 4.5ಕ್ಕೆ ಏರಿದ್ದು ಆಕಸ್ಮಿಕವಾಗಲು ಸಾಧ್ಯವೇ ಇಲ್ಲ. ಲಾಭನಷ್ಟದ ಅಂಕಿ ವರ್ಷಗಟ್ಟಲೆ ಬಾಯಿ ಬಿಡದ ವಿಷಯವನ್ನು ಈ ಅಂಕಿ ಮೂರೂವರೆ ತಿಂಗಳಲ್ಲಿ ಹೇಳುತ್ತದೆ. ಭಾವನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಹರಾಜಿನ ಬೆಲೆಗೂ ಲಾರಿ ತುಂಬುವ ಹೊತ್ತಿಗೆ ಬೀಳುವ ಬೆಲೆಗೂ ಇರುವ ಅಂತರ ಅವರಿಗೆ ದಿನದ ಊಟದಷ್ಟು ಪರಿಚಿತ.

ಗಡಿಯ ಬೆಲೆಯಲ್ಲೇ ಎಲ್ಲರ ಸ್ಟಾಪ್ ಆರ್ಡರ್‌ಗಳೂ ಕಾದಿರುತ್ತವೆ, ಗಡಿ ಮುಟ್ಟಿದೊಡನೆ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ ಎಂದು ಊಹಿಸಿ, ನಾವು ಹೇಳಿದ ಬೆಲೆಗೆ ಮಾತ್ರ ನಡೆಯುವ ಲಿಮಿಟ್ ಆರ್ಡರ್‌ಗೆ ಬದಲಾಯಿಸಿ ನೋಡಿದೆವು. ಹದಿನೈದು ಸಂಕೇತಗಳಲ್ಲಿ ನಾಲ್ಕು ಕೈತಪ್ಪಿದವು, ಮತ್ತು ಆ ನಾಲ್ಕರಲ್ಲಿ ಮೂರು ಗೆಲ್ಲಬೇಕಾದಂಥವು. ಲಿಮಿಟ್ ಆರ್ಡರ್ ಬೆಲೆ ಹಿಂತಿರುಗಿ ಬಂದಾಗ ಮಾತ್ರ ತುಂಬುತ್ತದೆ. ಹಿಂತಿರುಗದೆ ಓಡುವ ದಿನಗಳೇ ಈ ತಂತ್ರದ ಅನ್ನ. ಹಳೆಯ ವಿಧಾನಕ್ಕೇ ಮರಳಿದೆವು. ಸ್ಲಿಪೇಜಿನ ಹೆಚ್ಚುವರಿ 2.5 ಪಾಯಿಂಟ್ ಎಂದರೆ 0.04 ಘಟಕ. ತೆರಿಗೆಯ 0.03 ಸೇರಿಸಿದರೆ 0.12ರಲ್ಲಿ 0.05 ಮಾತ್ರ ಉಳಿಯಿತು. ಇಷ್ಟು ಲಾಭದ ತಂತ್ರವನ್ನು ಯಾರಾದರೂ ಹೊಸದಾಗಿ ತಂದು ಮುಂದಿಟ್ಟಿದ್ದರೆ ನಾವು ಮುಟ್ಟುತ್ತಿರಲಿಲ್ಲ. ಆದರೂ ನಡೆಸುತ್ತಿದ್ದೆವು, ಯಾಕೆಂದರೆ ಹಾಳೆಯ ಗೆರೆ ಇನ್ನೂ ದೂರವಿತ್ತು.

2025ರ ಫೆಬ್ರವರಿ ಆರಂಭದಲ್ಲಿ ನಮ್ಮಿಬ್ಬರ ನಡುವೆ ಏಕೈಕ ಜಗಳ ನಡೆಯಿತು. 151ನೇ ವಹಿವಾಟಿನ ನಂತರ ಚಲಿಸುವ ಮೊತ್ತ ಮೈನಸ್ 1.3 ಇತ್ತು. 152ನೆಯದು ಕೇವಲ 0.4 ಘಟಕ ಸೋತಿತು, ಮೊತ್ತ ಮೈನಸ್ 6.5ಕ್ಕೆ ಬಿತ್ತು. ಕಾರಣ ಸ್ಪಷ್ಟ: ಮೇ ತಿಂಗಳಿನ ಆ 4.8ರ ದಿನ ನೂರರ ಕಿಟಕಿಯಿಂದ ಹೊರಗೆ ಬಿದ್ದಿತ್ತು. ಭಾವ ಒಪ್ಪಲಿಲ್ಲ. ‘ಇವತ್ತು ಏನಾಗಿದೆ ಹೇಳು, ಏನೂ ಆಗಿಲ್ಲ. ಎಂಟು ತಿಂಗಳ ಹಿಂದಿನ ಲಾಭ ಲೆಕ್ಕದಿಂದ ಬಿದ್ದುಹೋಯ್ತು ಅಂತ ಇವತ್ತು ಅರ್ಧ ಮಾಡೋದಾ?’

ಅವರ ಮಾತಿನಲ್ಲಿ ಹುರುಳಿತ್ತು. ಚಲಿಸುವ ಮೊತ್ತಕ್ಕೆ ಇರುವ ದೋಷವೇ ಇದು: ಒಂದು ದೊಡ್ಡ ದಿನ ಒಳಬರುವಾಗ ಒಮ್ಮೆ ಎತ್ತುತ್ತದೆ, ಹೊರಹೋಗುವಾಗ ಒಮ್ಮೆ ಕೆಡವುತ್ತದೆ, ಎರಡನೆಯ ನೆಗೆತದಲ್ಲಿ ಹೊಸ ಮಾಹಿತಿ ಏನೂ ಇಲ್ಲ. ಆದರೆ ಗೆರೆಯನ್ನು ತೆಗೆದದ್ದು ಹೇಗೆಂದು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ‘ಭಾವ, ನಾವು ಮಾಡಿದ ಹತ್ತು ಸಾವಿರ ಅವಧಿಗಳಲ್ಲೂ ಇಂಥ ದೊಡ್ಡ ದಿನಗಳು ಕಿಟಕಿಯಿಂದ ಹೀಗೆಯೇ ಬಿದ್ದಿವೆ. ಆ ಬೀಳುವಿಕೆಯನ್ನೂ ಸೇರಿಸಿಕೊಂಡೇ ಬಂದ ಗೆರೆಗಳು ಇವು, ನೀವೇ ಸಹಿ ಹಾಕಿದ್ದೀರಿ’ ಎಂದೆ. ಹೊರಬಿದ್ದ ದಿನವನ್ನು ಕೈಯಾರೆ ಒಳಗೆ ಉಳಿಸಿಕೊಂಡರೆ, ಗೆರೆಯೂ ಮಾಪನವೂ ಬೇರೆ ಬೇರೆ ತಕ್ಕಡಿಯವಾಗುತ್ತವೆ. ಅಲ್ಲದೆ, ಒಂದು ದಿನದ ಬಲದ ಮೇಲೆ ನಿಂತಿದ್ದ ಮೊತ್ತ ಉಳಿದ 99ರ ಬಗ್ಗೆ ಏನು ಹೇಳುತ್ತಿತ್ತು ಎಂದೂ ಕೇಳಬಹುದಿತ್ತು; ಜಗಳದ ಬಿಸಿಯಲ್ಲಿ ಅದನ್ನು ನಾನು ಕೇಳಲಿಲ್ಲ. ಮರುದಿನದಿಂದ 75ರ ಪ್ರಮಾಣದಲ್ಲಿ ನಡೆಸಿದೆವು.

ಗೆರೆಯನ್ನೇ ಜರುಗಿಸುವ ಇನ್ನೊಂದು ಸಲಹೆಯೂ ಆಗ ಬಂತು, ಅದು ನನ್ನದೇ. ಖರ್ಚು ಹೆಚ್ಚಿರುವುದು ಗೊತ್ತಿರುವಾಗ ನಿರೀಕ್ಷೆಯನ್ನು 12ರಿಂದ 5ಕ್ಕೆ ಇಳಿಸಿ, ಗೆರೆಯನ್ನೂ ಏಳು ಘಟಕ ಕೆಳಗೆ ಸರಿಸಿದರೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅದೇ ಸರಿಯಲ್ಲವೇ ಎಂದು ಯೋಚಿಸಿದ್ದೆ. ಅದು ತಪ್ಪು. ಗೆರೆಯ ಕೆಲಸ ‘ಈ ತಂತ್ರ ತನ್ನ ಈಗಿನ ಸ್ವಭಾವಕ್ಕೆ ತಕ್ಕಂತೆ ನಡೆದಿದೆಯೇ’ ಎಂದು ಕೇಳುವುದಲ್ಲ, ‘ನಾವು ಹಣ ಹಾಕಿದ ತಂತ್ರ ಇನ್ನೂ ಇದೆಯೇ’ ಎಂದು ಕೇಳುವುದು. ಕೆಡುತ್ತಿರುವುದರ ಜೊತೆಗೇ ನಿರೀಕ್ಷೆಯನ್ನೂ ಇಳಿಸುತ್ತಾ ಹೋದರೆ ಗೆರೆ ಎಂದೂ ಮುಟ್ಟುವುದಿಲ್ಲ.

ಮೇ ಮೊದಲ ವಾರ 187ನೇ ವಹಿವಾಟಿನ ನಂತರ ಚಲಿಸುವ ಮೊತ್ತ ಮೈನಸ್ 16.4 ಆಯಿತು. ಅಂದೇ ನಿಲ್ಲಿಸಿದೆವು. ಶಿಖರದಿಂದ ಕುಸಿತ 19.4 ಘಟಕ, 24ರ ಡ್ರಾಡೌನ್ ಮಿತಿ ಮುಟ್ಟಿರಲಿಲ್ಲ. ಆರಂಭದಿಂದ ಒಟ್ಟು ಮೈನಸ್ 2.4 ಘಟಕ. ಆದರೆ ಕೊನೆಯ 35 ವಹಿವಾಟುಗಳ 6.9 ಘಟಕದ ನಷ್ಟ ಅರ್ಧ ಪ್ರಮಾಣದಲ್ಲಿ ಆದದ್ದರಿಂದ, ರೂಪಾಯಿಯ ಲೆಕ್ಕದಲ್ಲಿ ಒಂದು ಘಟಕದಷ್ಟು, ಅಂದರೆ ₹9,500ರ ಆಸುಪಾಸು, ಲಾಭವೇ ಉಳಿದಿತ್ತು. ಹದಿನಾರು ತಿಂಗಳ ದುಡಿಮೆಗೆ.

ಕೊನೆಯ ನೂರು ವಹಿವಾಟುಗಳನ್ನು ಬಿಡಿಸಿ ನೋಡಿದಾಗ ಗೆಲುವಿನ ಪ್ರಮಾಣ ಶೇ. 39 ಇತ್ತು, ಅಂದರೆ 41ರಿಂದ ಹೆಚ್ಚೇನೂ ಬದಲಾಗಿರಲಿಲ್ಲ. ಬದಲಾದದ್ದು ಗೆಲುವಿನ ಗಾತ್ರ: 1.35ರಿಂದ 0.91ಕ್ಕೆ ಇಳಿದಿತ್ತು. ಸೋಲು 0.73ರಿಂದ 0.85ಕ್ಕೆ ಏರಿತ್ತು. ಬೆಲೆ ಗಡಿಯನ್ನು ದಾಟುತ್ತಿತ್ತು, ಆದರೆ ದಾಟಿದ ಮೇಲೆ ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಎಷ್ಟು ಸಲ ಗೆದ್ದೆವು ಎಂದು ಮಾತ್ರ ಎಣಿಸುವವನಿಗೆ ಇದು ಕೊನೆಯವರೆಗೂ ಕಾಣುತ್ತಿರಲಿಲ್ಲ. ನಿರೀಕ್ಷೆಗಿಂತ 28 ಘಟಕ ಕಡಿಮೆ ಬಂದದ್ದರಲ್ಲಿ ತೆರಿಗೆ ಮತ್ತು ಸ್ಲಿಪೇಜಿನ ಪಾಲು 7. ಉಳಿದ 21ರಲ್ಲಿ ಮಾರುಕಟ್ಟೆಯ ಬದಲಾವಣೆ ಎಷ್ಟು, ಬರೀ ದುರದೃಷ್ಟ ಎಷ್ಟು ಎಂದು ನೂರು ವಹಿವಾಟುಗಳಿಂದ ಬೇರ್ಪಡಿಸಲು ಬರುವುದಿಲ್ಲ. ಇನ್ನೊಂದು ಪಾಲು ನಮ್ಮದೇ: ಬ್ಯಾಕ್‌ಟೆಸ್ಟ್‌ನಲ್ಲಿ 15, 30, 45, 60 ನಿಮಿಷಗಳನ್ನು ಪರೀಕ್ಷಿಸಿ ಚೆನ್ನಾಗಿ ಬಂದ 30ನ್ನು ಆರಿಸಿಕೊಂಡಿದ್ದೆವು. ನಾಲ್ಕರಲ್ಲಿ ಉತ್ತಮವಾದದ್ದನ್ನು ಆರಿಸಿದಾಗ ಅದರ ಅಂಕಿಯಲ್ಲಿ ಅದೃಷ್ಟದ ಪಾಲೂ ಸೇರಿರುತ್ತದೆ, ಹಾಗಾಗಿ 0.12 ಮೊದಲಿನಿಂದಲೂ ಉಬ್ಬಿದ ಅಂಕಿಯಾಗಿರಬೇಕು.

ಹಾಳೆಯಲ್ಲಿ ಇರಬೇಕಿದ್ದೂ ಇಲ್ಲದೇ ಹೋದದ್ದು ಒಂದೇ ಸಾಲು ಎಂದು ಈಗ ನನ್ನ ಅಭಿಪ್ರಾಯ: ಖಚಿತವಾಗಿ ಎಣಿಸಬಹುದಾದ ಖರ್ಚುಗಳನ್ನು ಕಳೆದು ಉಳಿಯುವ ಸರಾಸರಿ ಲಾಭ 0.08 ಘಟಕಕ್ಕಿಂತ ಕಡಿಮೆಯಾದ ದಿನ, ಚಲಿಸುವ ಮೊತ್ತ ಎಲ್ಲೇ ಇರಲಿ, ನಿಲ್ಲಿಸುವುದು. ತೆರಿಗೆಯ ದರ ಅಂದಾಜಿನ ವಿಷಯವಲ್ಲ. ಅದರ ಪರಿಣಾಮವನ್ನು ನೂರು ವಹಿವಾಟುಗಳ ಗದ್ದಲದಲ್ಲಿ ಕಿವಿಯಿಟ್ಟು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಈ ಸಾಲಿದ್ದಿದ್ದರೆ 118ನೇ ವಹಿವಾಟಿನಲ್ಲೇ, ನವೆಂಬರಿನಲ್ಲೇ, ಕಡತ ಮುಚ್ಚುತ್ತಿತ್ತು.

ನಿಲ್ಲಿಸಿದ ಸಂಜೆ ಭಾವ 45 ನಿಮಿಷಕ್ಕೆ ಬದಲಾಯಿಸಿ ಮುಂದುವರಿಸೋಣ ಎಂದರು. ಕಳೆದ ವರ್ಷದ ದತ್ತಾಂಶದಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು ಕೂಡ. ಹಾಗೆ ಬದಲಾಯಿಸಿದ್ದು ಹೊಸ ತಂತ್ರ, ಅದಕ್ಕೆ ಹೊಸ ಹಾಳೆ ಬೇಕು, ಹಣವಿಲ್ಲದೆ ನೂರು ಸಂಕೇತ ಕಾಯಬೇಕು ಎಂದು ನಾನು ಪಟ್ಟು ಹಿಡಿದೆ. ಹಳೆಯದಕ್ಕೂ ಮರಳುವ ನಿಯಮವೊಂದನ್ನು ಆಗಲೇ ಬರೆದೆವು: ಹಣ ಹಾಕದೆ, 4.5 ಪಾಯಿಂಟ್ ಸ್ಲಿಪೇಜ್ ಮತ್ತು ಹೊಸ ತೆರಿಗೆಯನ್ನು ಕಳೆದು, ಮುಂದಿನ ನೂರು ಸಂಕೇತಗಳ ಮೊತ್ತ ಪ್ಲಸ್ 12 ಮುಟ್ಟಿದರೆ 75ರ ಪ್ರಮಾಣದಲ್ಲಿ ಮತ್ತೆ ಆರಂಭಿಸಬಹುದು.

ಆ ನೂರು ಸಂಕೇತಗಳು ಮುಗಿದಾಗ ಮೊತ್ತ ಪ್ಲಸ್ 1.8 ಇತ್ತು. ನಾನು ಅಂಕಿಯನ್ನು ಓದಿ ಹೇಳಿದೆ. ಭಾವ ಕನ್ನಡಕ ತೆಗೆದು, ‘ತಿಪಟೂರಿಗೆ ಹೊರಡ್ಬೇಕು, ಹರಾಜಿದೆ’ ಎಂದು ಎದ್ದರು.